ಒಂದು ಮಂಚಕ್ಕೆ ಕೊಟೇಶನ್ ಬರೆಯೋದು ಹೇಗೆ

ಫೋನಲ್ಲಿ ಒಂದು ಫೋಟೋ ತೋರಿಸಿ, "ಆಚಾರ್ರೇ, ಇಂಥದ್ದೇ ಒಂದು ಮಂಚ ಬೇಕು. ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ನಿಂತಲ್ಲೇ ಒಂದು ಮೊತ್ತ ಹೇಳಬೇಕು. ಸ್ವಂತ ಶೆಡ್ ಹಾಕಿದ ಮೊದಲ ವರ್ಷ ನಾನೂ ಹಾಗೇ ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ. ಒಮ್ಮೆ ಒಂದು ಸಾಗವಾನಿ ಮಂಚ ಮುಗಿಸಿ, ಮರದ ಬಾಕಿ ಕೊಟ್ಟು, ಪಾಲಿಶ್‌ನವನಿಗೆ ಕೊಟ್ಟು, ಹುಡುಗನ ಕೂಲಿ ಕೊಟ್ಟ ಮೇಲೆ ಲೆಕ್ಕ ನೋಡಿದರೆ ನನ್ನ ಏಳು ದಿನಕ್ಕೆ ಉಳಿದದ್ದು ಒಂದೂವರೆ ಸಾವಿರ. ಮಂಚ ಮಾತ್ರ ಚೆನ್ನಾಗಿ ಬಂದಿತ್ತು.

ಅವತ್ತಿಂದ ಕಾಗದದ ಮೇಲೆ ಹಾಕದೆ ದರ ಹೇಳೋದು ಬಿಟ್ಟೆ. ಆ ಕಾಗದದಲ್ಲಿ ಏನೇನು ಬರುತ್ತೆ ಅಂತ ಒಂದೇ ಮಂಚ ಇಟ್ಟುಕೊಂಡು ಇಲ್ಲಿ ತೋರಿಸುತ್ತೇನೆ. ಹೊಸದಾಗಿ ಸ್ವಂತ ಕೆಲಸ ಹಿಡಿಯೋ ಬಡಗಿಗಳಿಗಾಗಿ ಬರೆದದ್ದು. ಆದರೆ ಮಾಡಿಸುವವರು ಓದಿದರೂ ತಮ್ಮ ಕೈಗೆ ಬಂದ ಕೊಟೇಶನ್ ಸರಿಯಾಗಿದೆಯಾ ಅಂತ ತಿಳಿಯುತ್ತೆ. ದರಗಳನ್ನು ಲೆಕ್ಕ ತೋರಿಸೋಕೆ ಹಾಕಿಕೊಂಡಿದ್ದೇನೆ. ನಿಮ್ಮೂರಿನ ಟಿಂಬರ್ ಡಿಪೋದಲ್ಲಿ ಈ ವಾರ ಏನಿದೆಯೋ ಅದನ್ನೇ ನೀವು ಹಾಕಿಕೊಳ್ಳಿ.

ಮೊದಲು ಹಾಸಿಗೆ ಅಳೆಯಿರಿ

"ಐದು ಆರೂವರೆ ಮಂಚ" ಅನ್ನೋದು ಅಳತೆ ಅಲ್ಲ. ಅಂಗಡಿ ಹಾಸಿಗೆಗಳು 60 ಇಂಚು ಅಗಲಕ್ಕೆ 72, 75, 78 ಇಂಚು ಉದ್ದದಲ್ಲಿ ಸಿಗುತ್ತವೆ. ಹಾಸಿಗೆ ಮೊದಲೇ ಇದ್ದರೆ ನೀವೇ ಹೋಗಿ ಅಳೆಯಿರಿ. ಇಲ್ಲದಿದ್ದರೆ ಯಾವುದು ತಗೊಳ್ತಾರೆ ಅಂತ ಬರೆಸಿಕೊಳ್ಳಿ. ಮಂಚದ ಒಳಗಿನ ಅಳತೆ ಹಾಸಿಗೆಗಿಂತ ಅರ್ಧ ಇಂಚು ಜಾಸ್ತಿ ಇರಲಿ, ಇಲ್ಲದಿದ್ದರೆ ಬೆಡ್‌ಶೀಟ್ ಸಿಕ್ಕಿಸೋಕೆ ಕೈ ಹೋಗಲ್ಲ. ಹಾಗೇ ಬಾಗಿಲು, ಮೆಟ್ಟಿಲು, ಎಷ್ಟನೇ ಮಹಡಿ ಅಂತಲೂ ನೋಡಿಕೊಂಡು ಬನ್ನಿ. ಮಂಚವನ್ನು ಬಿಚ್ಚಿ ಸೇರಿಸೋ ಹಾಗೆ ಮಾಡಬೇಕೋ ಬೇಡವೋ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ನಮ್ಮ ಲೆಕ್ಕದ ಮಂಚ 60 × 78 ಹಾಸಿಗೆಗೆ. ತಲೆ ಕಡೆ ಮೂರೂವರೆ ಅಡಿ ಎತ್ತರ, ಅದರಲ್ಲಿ ಏಳು ನೆಟ್ಟನೆ ಪಟ್ಟಿಗಳು. ಕಾಲ ಕಡೆ ತಗ್ಗು. ಕೆತ್ತನೆ ಇಲ್ಲ, ಡ್ರಾಯರ್ ಇಲ್ಲ.

ಮರ: ಕಡೆಗೆ ಉಳಿಯೋ ಅಳತೆ ಅಲ್ಲ, ತರೋ ಅಳತೆ

ಕೊಯ್ದ ಮರ ಸಿಎಫ್‌ಟಿ ಲೆಕ್ಕದಲ್ಲಿ, ಅಂದರೆ ಘನ ಅಡಿಯಲ್ಲಿ ಮಾರಾಟ ಆಗುತ್ತೆ. ಸೂತ್ರ ಎಲ್ಲರಿಗೂ ಗೊತ್ತು:

ಉದ್ದ (ಅಡಿ) × ಅಗಲ (ಇಂಚು) × ದಪ್ಪ (ಇಂಚು) ÷ 144

ಸೂತ್ರದಲ್ಲಿ ಯಾರೂ ತಪ್ಪಲ್ಲ. ತಪ್ಪೋದು ಅದರೊಳಗೆ ಹಾಕೋ ಅಳತೆಯಲ್ಲಿ. ಈ ಮಂಚದ ಬದಿ ಹಲಗೆ ತಗೊಳ್ಳಿ. ಪಾಲಿಶ್ ಆಗಿ ನಿಂತಾಗ ಅದು ಆರೂವರೆ ಅಡಿ ಉದ್ದ, ಏಳೂವರೆ ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಎರಡು ಹಲಗೆಗೆ 0.85 ಸಿಎಫ್‌ಟಿ ಆಗುತ್ತೆ. ಆದರೆ ಡಿಪೋದಿಂದ ತರೋದು ಏಳಡಿ ಉದ್ದ, ಎಂಟಿಂಚು ಅಗಲ, ಒಂದೂವರೆ ಇಂಚು ದಪ್ಪದ್ದು. ತುದಿಯ ಬಿರುಕು ಕಡಿಯಬೇಕು, ಎರಡೂ ಮುಖ ಕೀಸಬೇಕು, ಅಂಚು ನೇರ ಮಾಡಬೇಕು, ಅಲ್ವಾ? ಆ ಅಳತೆಗೆ 1.17 ಸಿಎಫ್‌ಟಿ. ಎರಡೇ ಹಲಗೆಯಲ್ಲಿ 0.32 ವ್ಯತ್ಯಾಸ. ಸಿಎಫ್‌ಟಿಗೆ 3,000 ರೂಪಾಯಿ ಮರ ಆದರೆ ಸುಮಾರು 960 ರೂಪಾಯಿ ಅಲ್ಲೇ ಹೋಯಿತು.

ಹಾಗಾಗಿ ಪಟ್ಟಿಯನ್ನು ತರೋ ಅಳತೆಯಲ್ಲೇ ಬರೆಯಿರಿ. ತಲೆ ಕಡೆಯ ಎರಡು ಕಾಲು ಮೂರೂವರೆ ಅಡಿ, ಕಾಲ ಕಡೆಯ ಎರಡು ಒಂದೂವರೆ ಅಡಿ, ನಾಲ್ಕೂ 3 × 3 ಇಂಚು: 0.63. ಬದಿ ಹಲಗೆ ಎರಡು: 1.17. ತಲೆ ಕಡೆಯ ಕೆಳಗಿನ ಅಡ್ಡಹಲಗೆ, ಕಾಲ ಕಡೆಯ ಅಡ್ಡಹಲಗೆ, ಎರಡೂ ಐದೂವರೆ ಅಡಿ, 8 × 1½: 0.92. ತಲೆ ಕಡೆಯ ಮೇಲಿನ ಪಟ್ಟಿ ಐದೂವರೆ ಅಡಿ, 4 × 1½: 0.23. ನೆಟ್ಟನೆ ಪಟ್ಟಿ ಏಳು, ಎರಡಡಿ ಉದ್ದ, 3 × 1: 0.29. ಒಟ್ಟು 3.23 ಸಿಎಫ್‌ಟಿ.

ಇಷ್ಟೇ ತಂದರೂ ಸಾಲಲ್ಲ. ಒಂದು ಹಲಗೆಯಲ್ಲಿ ಗಂಟು ಬರುತ್ತೆ, ಇನ್ನೊಂದರ ಅಂಚಲ್ಲಿ ಬಿಳಿ ಇರುತ್ತೆ. ಸಾಗವಾನಿಯ ಚೇಗಿಗೆ ಹುಳ ಸುಲಭಕ್ಕೆ ಬೀಳಲ್ಲ, ಬಿಳಿ ಭಾಗಕ್ಕೆ ಬೀಳುತ್ತೆ. ಕಾಣೋ ಕಡೆ ಅದನ್ನು ಇಡೋ ಹಾಗೇ ಇಲ್ಲ. ಒಳ್ಳೆ ಮರ ಆರಿಸಿ ತಂದರೆ ಶೇಕಡ 20, ಗಂಟು ಜಾಸ್ತಿ ಇರೋ ಕಡಿಮೆ ದರದ ಮರ ಆದರೆ ಶೇಕಡ 35ರವರೆಗೂ ನಾನು ಸೇರಿಸುತ್ತೇನೆ. ಅದಕ್ಕೇ ಸಿಎಫ್‌ಟಿಗೆ ಐನೂರು ಕಡಿಮೆ ಅಂತ ಕಂಡದ್ದೆಲ್ಲ ನಿಜವಾಗಿ ಕಡಿಮೆ ಅಲ್ಲ. ನಮ್ಮ ಮಂಚಕ್ಕೆ 4 ಸಿಎಫ್‌ಟಿ ಇಡೋಣ. 12,000 ರೂಪಾಯಿ.

ದರ ಕೇಳುವಾಗಲೇ ಮರ ಒಣಗಿದೆಯಾ ನೋಡಿ. ತೇವ ಅಳೆಯೋ ಮೀಟರ್ ಚಿಕ್ಕದು ಸಿಗುತ್ತೆ, ಒಂದು ಇಟ್ಟುಕೊಳ್ಳಿ. ಶೇಕಡ 12ರ ಆಸುಪಾಸು ತೋರಿಸಿದರೆ ಮನೆಯೊಳಗಿನ ಕೆಲಸಕ್ಕೆ ಆಗುತ್ತೆ. ಮೀಟರ್ ಇಲ್ಲದಿದ್ದರೆ ಒಂದು ತುಂಡು ಕೊಯ್ದು ಹೊಟ್ಟು ಹಿಂಡಿ ನೋಡಿ. ಒಣಗಿದ ಮರದ ಹೊಟ್ಟು ಬೆರಳಿಂದ ಉದುರುತ್ತೆ, ಹಸಿಯದ್ದು ಮುದ್ದೆ ಕಟ್ಟುತ್ತೆ. ಹಸಿ ಮರದಲ್ಲಿ ಮಾಡಿದ ಮಂಚ ಮೊದಲ ಬೇಸಿಗೆಯಲ್ಲೇ ಕಿರ್ ಅನ್ನೋಕೆ ಶುರು ಮಾಡುತ್ತೆ, ಯಾಕೆಂದರೆ ಪಟ್ಟಿ ಕುಗ್ಗಿ ಜಾಯಿಂಟ್ ಸಡಿಲ ಆಗಿರುತ್ತೆ. ಆಗ ಬಿಟ್ಟಿ ರಿಪೇರಿಗೆ ಹೋಗಬೇಕು. ಆ ಎರಡು ದಿನದ ಖರ್ಚು ಯಾವ ಕೊಟೇಶನ್ನಿನಲ್ಲೂ ಇರಲ್ಲ.

ಮಲೆನಾಡಿನ ಕಡೆ "ಮರ ನಮ್ಮದೇ ಇದೆ, ಮಾಡಿಕೊಡಿ ಸಾಕು" ಅನ್ನುವವರೂ ಇರುತ್ತಾರೆ. ಕಡಿದದ್ದಕ್ಕೆ ಅರಣ್ಯ ಇಲಾಖೆಯ ಅನುಮತಿ, ಸಾಗಿಸಿದ್ದಕ್ಕೆ ಪಾಸ್ ಇದೆಯಾ ಅಂತ ಮೊದಲು ಕೇಳಿ. ಆಮೇಲೆ ದಿಮ್ಮಿಯ ಲೆಕ್ಕ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸೋದು ರೂಢಿ. 48 ಇಂಚು ಸುತ್ತಳತೆಯ ಹತ್ತಡಿ ದಿಮ್ಮಿಗೆ 10 ಸಿಎಫ್‌ಟಿ ಬರುತ್ತೆ. ಮನೆಯವರು ಹತ್ತೂ ಹಲಗೆಯಾಗಿ ಬರುತ್ತೆ ಅಂದುಕೊಂಡಿರುತ್ತಾರೆ. ಸಾಮಿಲ್‌ನಿಂದ ಹೊರಬಂದಾಗ ನನಗೆ ಸಾಮಾನ್ಯವಾಗಿ ಸಿಕ್ಕಿರೋದು ಆರರಿಂದ ಏಳು. ಇದನ್ನು ದಿಮ್ಮಿ ಕೊಯ್ಯುವ ಮೊದಲೇ ಹೇಳಿ. ಕೊಯ್ದ ಮೇಲೆ ಹೇಳಿದರೆ ಮರ ಕದ್ದ ಹಾಗೆ ಕೇಳಿಸುತ್ತೆ.

ಹಾಸಿಗೆ ಕೆಳಗಿನ ಅಡ್ಡಪಟ್ಟಿಗಳಿಗೆ ಸಾಗವಾನಿ ಬೇಡ. ಸಿಲ್ವರ್ ಓಕ್ ಸಾಕು. 1.1 ಸಿಎಫ್‌ಟಿ, 900 ದರದಲ್ಲಿ ಒಂದು ಸಾವಿರ. ಆದರೆ ಹಾಗೆ ಹಾಕುತ್ತೀರಿ ಅಂತ ಕೊಟೇಶನ್ನಿನಲ್ಲಿ ಬರೆದಿರಲೇಬೇಕು. "ಪೂರ್ತಿ ಸಾಗವಾನಿ" ಅಂತ ಬರೆದು ಒಳಗೆ ಬೇರೆ ಹಾಕಿದರೆ ಹಾಸಿಗೆ ಎತ್ತಿದ ದಿನ ಜಗಳ.

ಪ್ಲೈವುಡ್ ಶೀಟಿನ ಲೆಕ್ಕ

ಹಾಸಿಗೆ ತಳಕ್ಕೆ 12 ಎಂಎಂ ಪ್ಲೈವುಡ್. 60 × 78 ಅಂದರೆ 32.5 ಚದರಡಿ. ಒಂದು 8 × 4 ಶೀಟ್ 32 ಚದರಡಿ. ಅರ್ಧ ಚದರಡಿ ತಾನೇ ಕಡಿಮೆ, ಹೇಗೋ ಆಗುತ್ತೆ ಅನ್ನಿಸುತ್ತೆ. ಆಗಲ್ಲ. ಶೀಟಿನ ಅಗಲ 48 ಇಂಚು, ನಮಗೆ ಬೇಕಾದ್ದು 60. 30 ಇಂಚಿನ ಎರಡು ಭಾಗ ಮಾಡಿ, ಒಂದೊಂದು ಶೀಟಿಂದ ಒಂದೊಂದು ತೆಗೆಯಬೇಕು. ಅಂದರೆ ಎರಡು ಶೀಟ್, 64 ಚದರಡಿ, 70 ರೂಪಾಯಿಯಂತೆ 4,500. ಎರಡೂ ಶೀಟಲ್ಲಿ 18 ಇಂಚು ಅಗಲದ ಎಂಟಡಿ ಪಟ್ಟಿ ಉಳಿಯುತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಪ್ಲೈವುಡ್ಡನ್ನು ಚದರಡಿಯಲ್ಲಿ ಲೆಕ್ಕ ಹಾಕಬೇಡಿ, ಶೀಟಿನ ಚಿತ್ರ ಬರೆದು ತುಂಡುಗಳನ್ನು ಅದರೊಳಗೆ ಕೂರಿಸಿ ನೋಡಿ. ಐದು ನಿಮಿಷದ ಕೆಲಸ.

ಹಾರ್ಡ್‌ವೇರ್ ಮತ್ತು ಪಾಲಿಶ್

ಸಾದಾ ಮಂಚಕ್ಕೆ ಹಾರ್ಡ್‌ವೇರ್ ಕಡಿಮೆ. ಬದಿ ಹಲಗೆ ಕಾಲಿಗೆ ಸೇರಿಸೋ ಬ್ರಾಕೆಟ್ ನಾಲ್ಕು, 600. ಸ್ಕ್ರೂ, ಅಂಟು, ಮರಳು ಕಾಗದ, ಕಾಲ ಕೆಳಗಿನ ಬುಷ್ ಎಲ್ಲ ಸೇರಿ 700. ಸಣ್ಣ ಸಾಮಾನು ಅಂತ ಇದನ್ನು ಬಿಡುವವರೇ ಜಾಸ್ತಿ. 1,300 ರೂಪಾಯಿ ಸಣ್ಣದಲ್ಲ.

ಪಾಲಿಶ್‌ಗೆ ಮಂಚದ ಅಳತೆ ಹಿಡಿಯಬೇಡಿ, ಮುಖಗಳ ಅಳತೆ ಹಿಡಿಯಿರಿ. ಒಂದು ಹಲಗೆಗೆ ನಾಲ್ಕು ಮುಖ. ಏಳು ಪಟ್ಟಿಗೆ ಇಪ್ಪತ್ತೆಂಟು. ಎಲ್ಲ ಕೂಡಿಸಿದರೆ ಈ ಮಂಚಕ್ಕೆ ಸುಮಾರು 55 ಚದರಡಿ ಬರುತ್ತೆ. ಮೆಲಮೈನ್ ಪಾಲಿಶ್, ಸಾಮಾನು ಕೂಲಿ ಸೇರಿ ಚದರಡಿಗೆ 90 ಅಂದರೆ 5,000.

ಕೂಲಿ: ಜಾಯಿಂಟ್ ಎಣಿಸಿ

ಮರದ ಬೆಲೆಯ ಇಷ್ಟು ಪಾಲು ಕೂಲಿ ಅಂತ ಹಿಡಿಯೋ ಪದ್ಧತಿ ಕೆಲವರಲ್ಲಿದೆ. ನನಗೆ ಅದು ಒಗ್ಗಲ್ಲ. ಬೀಟೆಯಲ್ಲಿ ಮಾಡಿದರೂ ಅಕೇಶಿಯಾದಲ್ಲಿ ಮಾಡಿದರೂ ಅದೇ ಇಪ್ಪತ್ತು ಜಾಯಿಂಟ್. ಮರದ ಬೆಲೆ ಮೂರು ಪಟ್ಟು ಆಯ್ತು ಅಂತ ದಿನ ಮೂರು ಪಟ್ಟು ಆಗಲ್ಲ.

ಹೌದು, ಇಪ್ಪತ್ತು. ಎಣಿಸಿ ನೋಡಿ. ತಲೆ ಕಡೆಯ ಎರಡು ಅಡ್ಡ ತುಂಡಿಗೆ ನಾಲ್ಕು, ಏಳು ನೆಟ್ಟನೆ ಪಟ್ಟಿಗೆ ಮೇಲೊಂದು ಕೆಳಗೊಂದು ಅಂತ ಹದಿನಾಲ್ಕು, ಕಾಲ ಕಡೆಗೆ ಎರಡು. ನಾನು, ಜೊತೆಗೆ ಒಬ್ಬ ಹುಡುಗ, ಮೆಷಿನ್ ಇದ್ದರೆ ದಿನಕ್ಕೆ ಹತ್ತು ಜಾಯಿಂಟ್ ತೆಗೆದು ಕೂರಿಸಬಹುದು. ಎರಡು ದಿನ. ಮರ ಆರಿಸಿ ಕೊಯ್ಸಿ ತರೋಕೆ ಅರ್ಧ ದಿನ. ಕೀಸಿ ಗುರುತು ಹಾಕೋಕೆ ಒಂದು. ಅಂಟು ಹಾಕಿ ಸೇರಿಸಿ, ಮೂಲೆ ಸರಿ ನೋಡೋಕೆ ಒಂದು. ಪ್ಲೈವುಡ್, ಅಡ್ಡಪಟ್ಟಿ, ಉಜ್ಜೋದು ಒಂದು. ಮನೆಯಲ್ಲಿ ಜೋಡಿಸೋಕೆ ಅರ್ಧ. ಒಟ್ಟು ಆರು ದಿನ. ನನ್ನ ಕೂಲಿ 1,200, ಹುಡುಗನದ್ದು 800. ಆರು ದಿನಕ್ಕೆ 12,000.

ನನ್ನ ಕೂಲಿ ಅಂತ ಬರೆದೆ, ಗಮನಿಸಿ. ಅದು ಲಾಭ ಅಲ್ಲ. ಬೇರೆಯವರ ಶೆಡ್ಡಿಗೆ ಹೋಗಿದ್ದರೂ ಆ ದುಡ್ಡು ಬರುತ್ತಿತ್ತು. ಹಾಗೇ ಶೆಡ್ಡಿನ ಖರ್ಚು. ಬಾಡಿಗೆ 12,000, ಕರೆಂಟ್ 2,500, ಬ್ಲೇಡು ರಿಪೇರಿ 2,000, ಫೋನು ಪೆಟ್ರೋಲು 1,500, ತಿಂಗಳಿಗೆ 18,000. ಕೆಲಸ ನಡೆಯೋ ದಿನ 24 ಅಂತ ಇಟ್ಟರೆ ದಿನಕ್ಕೆ 750. ಆರು ದಿನಕ್ಕೆ 4,500. ಇದನ್ನು ಬಿಟ್ಟರೆ ಬಾಡಿಗೆ ನಿಮ್ಮ ಕೂಲಿಯಿಂದಲೇ ಹೋಗುತ್ತೆ.

ಈಗ ಕೂಡಿಸೋಣ. ಸಾಗವಾನಿ 12,000, ಸಿಲ್ವರ್ ಓಕ್ 1,000, ಪ್ಲೈವುಡ್ 4,500, ಹಾರ್ಡ್‌ವೇರ್ 1,300, ಪಾಲಿಶ್ 5,000, ಕೂಲಿ 12,000, ಸಾಗಾಟ 1,500, ಶೆಡ್ 4,500. ಒಟ್ಟು 41,800. ಇದರ ಮೇಲೆ ಶೇಕಡ 15 ಲಾಭ, 6,270. ಗ್ರಾಹಕರಿಗೆ 48,000 ಅಂತ ಬರೆಯುತ್ತೇನೆ.

"ಎರಡು ಡ್ರಾಯರ್ ಹಾಕ್ಬಿಡಿ, ಅದೇನು ಮಹಾ?"

ಡಿಸೈನ್ ಕಷ್ಟ ಇದ್ದರೆ ಸುಮ್ನೆ ಶೇಕಡ 20 ಸೇರಿಸು ಅಂತ ನಮ್ಮ ಮೇಸ್ತ್ರಿಗಳು ಹೇಳುತ್ತಿದ್ದರು. ಕೆಲವು ಸಲ ಅದು ನಡೆಯುತ್ತೆ, ಕೆಲವು ಸಲ ಕುತ್ತಿಗೆಗೆ ಬರುತ್ತೆ. ಡಿಸೈನಿಗೆ ಅಂತಲೇ ಒಂದು ದರ ಇಲ್ಲ. ಅದು ಜಾಸ್ತಿ ಮರವಾಗಿ, ಜಾಸ್ತಿ ದಿನವಾಗಿ, ಇಲ್ಲ ಇನ್ನೊಬ್ಬನ ಕೂಲಿಯಾಗಿ ಕೈಗೆ ಬರುತ್ತೆ. ಬದಲಾವಣೆ ಕೇಳಿದಾಗೆಲ್ಲ ಈ ಮೂರನ್ನೂ ಹುಡುಕಿ.

ನಮ್ಮ ಮಂಚಕ್ಕೆ ಬದಿಯಲ್ಲಿ ಎರಡು ಡ್ರಾಯರ್ ಬೇಕು ಅಂದರು. ಮನೆಯವರ ಕಣ್ಣಲ್ಲಿ ಅದು ಎರಡು ಪೆಟ್ಟಿಗೆ, ಎರಡು ಸಾವಿರ. ಆದರೆ ಡ್ರಾಯರ್ ಚಾನೆಲ್ ಮೇಲೆ ಓಡುತ್ತೆ, ಚಾನೆಲ್ ಕೂರೋಕೆ ಗೋಡೆ ಬೇಕು. ಮಂಚದ ಕೆಳಗೆ ಗೋಡೆ ಎಲ್ಲಿದೆ? ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು ನಾವೇ ನಿಲ್ಲಿಸಬೇಕು. ಅವು ಅಲುಗಾಡಿದರೆ ಆರು ತಿಂಗಳಲ್ಲಿ ಡ್ರಾಯರ್ ಓರೆಯಾಗಿ ಸಿಕ್ಕಿಕೊಳ್ಳುತ್ತೆ.

ಇಲ್ಲಿ ಮೊದಲಿನ ಪ್ಲೈವುಡ್ ತುಂಡು ಕೆಲಸಕ್ಕೆ ಬರುತ್ತೆ. 18 ಇಂಚಿನ ಪಟ್ಟಿಗಳಲ್ಲಿ ಡ್ರಾಯರ್ ಪೆಟ್ಟಿಗೆಯ ಸುತ್ತೂ ಆಗುತ್ತೆ, ಮೂರು ಗೋಡೆಯೂ ಆಗುತ್ತೆ. ಡ್ರಾಯರ್ ತಳ 30 × 24 ಇಂಚು, ಅದು ಮಾತ್ರ ಆ ಪಟ್ಟಿಯಲ್ಲಿ ಕೂರಲ್ಲ. ತಳಕ್ಕೆ 6 ಎಂಎಂ ಶೀಟ್ ಒಂದು, 1,300. ಮುಂದಿನ ಸಾಗವಾನಿ ಹಲಗೆ ಎರಡಕ್ಕೆ 0.4 ಸಿಎಫ್‌ಟಿ, 1,200. ಟೆಲಿಸ್ಕೋಪಿಕ್ ಚಾನೆಲ್ ಎರಡು ಜೊತೆ, 1,000. ಹ್ಯಾಂಡಲ್ ಎರಡು, 300. ಸ್ಕ್ರೂ ಇತ್ಯಾದಿ 200. ಸಾಮಾನಿಗೇ 4,000 ಆಯಿತು. ಕೆಲಸ ಎರಡು ದಿನ, 4,000. ಪಾಲಿಶ್ 600. ಶೆಡ್ 1,500. ಒಟ್ಟು 10,100, ಲಾಭ ಸೇರಿ 11,600.

ಚಾನೆಲ್ ಬಗ್ಗೆ ಒಂದು ಮಾತು. ಅದರ ಮೇಲೆ ಎಷ್ಟು ಕಿಲೋ ಹೊರುತ್ತೆ ಅಂತ ಬರೆದಿರುತ್ತೆ. ಮಂಚದ ಡ್ರಾಯರಿಗೆ ಕಂಬಳಿ, ರಜಾಯಿ, ಹಳೆ ಆಲ್ಬಮ್ಮು ಎಲ್ಲ ತುಂಬುತ್ತಾರೆ. ಅಡುಗೆಮನೆಯ ಚಮಚದ ಡ್ರಾಯರಿಗೆ ಹಾಕೋ ತೆಳು ಚಾನೆಲ್ ಇಲ್ಲಿ ಬಾಗುತ್ತೆ. ನಾನು 45 ಕಿಲೋದ್ದನ್ನೇ ಹಾಕೋದು, ಕೊಟೇಶನ್ನಿನಲ್ಲೂ ಅದನ್ನೇ ಬರೆಯೋದು. ಆಗ ಪಕ್ಕದವನು ಮುನ್ನೂರು ಕಡಿಮೆ ಹೇಳಿದರೆ ಯಾಕೆ ಕಡಿಮೆ ಅಂತ ಗ್ರಾಹಕರೇ ಕೇಳಬಹುದು.

ಇನ್ನೊಂದು ಬದಲಾವಣೆ: ತಲೆ ಕಡೆಯ ಮೇಲಿನ ಪಟ್ಟಿ ನೇರ ಬೇಡ, ಬಿಲ್ಲಿನ ಹಾಗೆ ಬಾಗಿರಲಿ. ನೋಡೋಕೆ ಒಂದೇ ಪಟ್ಟಿ. ಆದರೆ ನಾಲ್ಕಿಂಚಿನ ಬಾಗಿದ ಪಟ್ಟಿ ಆರಿಂಚು ಏರಬೇಕಾದರೆ ಹತ್ತಿಂಚು ಅಗಲದ ಹಲಗೆಯಿಂದ ಕೊಯ್ಯಬೇಕು. ಮರ 0.23 ಇದ್ದದ್ದು 0.57 ಆಗುತ್ತೆ. ಅಷ್ಟು ಅಗಲದ ಹಲಗೆ ದಪ್ಪ ದಿಮ್ಮಿಯಿಂದಲೇ ಬರಬೇಕು, ಹಾಗಾಗಿ ದರವೂ ಬೇರೆ. 3,600 ಇಟ್ಟರೆ ಮರಕ್ಕೇ 1,400 ಜಾಸ್ತಿ. ಅದಕ್ಕಿಂತ ದೊಡ್ಡದು ದಿನದ ಲೆಕ್ಕ. ನೇರ ಪಟ್ಟಿಗೆ ಏಳೂ ನೆಟ್ಟನೆ ಪಟ್ಟಿ ಒಂದೇ ಉದ್ದ, ಒಟ್ಟಿಗೆ ಕಟ್ಟಿ ಕೊಯ್ಯಬಹುದು. ಬಾಗಿದ್ದಕ್ಕೆ ನಡುವಿನದು ಒಂದೇ ಒಂಟಿ, ಉಳಿದವು ಜೋಡಿ ಜೋಡಿ, ಪ್ರತಿಯೊಂದರ ತುದಿಯೂ ಬೇರೆ ಓರೆ. ಒಂದೂವರೆ ದಿನ ಹಿಡಿಯುತ್ತೆ. ಕೂಲಿ 3,000, ಶೆಡ್ 1,125. ಲಾಭ ಸೇರಿ 6,400 ರೂಪಾಯಿ. ಫೋಟೋ ನೋಡಿ ಇದನ್ನು ಯಾರೂ ಊಹಿಸಲ್ಲ.

ಕೆತ್ತನೆ ಕೇಳಿದರೆ ನಾನು ಅಂದಾಜೇ ಹೇಳಲ್ಲ. ಕೆತ್ತುವವನಿಗೆ ಚಿತ್ರ ತೋರಿಸಿ, ಅವನ ಮೊತ್ತ ತಗೊಂಡು, ಹಲಗೆ ಅವನಲ್ಲಿಗೆ ಹೋಗಿ ಬರೋ ಖರ್ಚು ಸೇರಿಸಿ ಬೇರೆ ಸಾಲಲ್ಲಿ ಬರೆಯುತ್ತೇನೆ.

ಕಾಗದದಲ್ಲಿ ಏನು ತೋರಿಸಬೇಕು

ಒಳಗಿನ ಲೆಕ್ಕ ಎಲ್ಲ ಗ್ರಾಹಕರಿಗೆ ಕೊಡಬೇಕಿಲ್ಲ. ಕೊಟ್ಟರೆ ಶೆಡ್ ಬಾಡಿಗೆಯ ಮೇಲೂ ಚೌಕಾಸಿ ಶುರುವಾಗುತ್ತೆ. ನಾನು ಕೊಡೋದು ಮೂರು ಸಾಲು: ಸಾದಾ ಮಂಚ 48,000, ಡ್ರಾಯರ್ ಎರಡು 11,600, ಬಾಗಿದ ತಲೆಪಟ್ಟಿ 6,400. ಮೂರೂ ಬೇಕೆಂದರೆ 66,000. ಜಾಸ್ತಿ ಅನ್ನಿಸಿದರೆ ಅವರೇ ಒಂದು ಸಾಲು ಹೊಡೆಯಬಹುದು. ಒಟ್ಟು ಮೊತ್ತದಲ್ಲಿ ಐದು ಸಾವಿರ ಇಳಿಸಿ ಅಂತ ಎಳೆದಾಡೋದಕ್ಕಿಂತ ಇದು ಎಷ್ಟೋ ವಾಸಿ. ದುಡ್ಡು ಇಳಿದರೆ ಕೆಲಸವೂ ಇಳಿಯಬೇಕಲ್ಲ.

ಸಾಲುಗಳ ಕೆಳಗೆ ಹಾಸಿಗೆ ಅಳತೆ, ಎಲ್ಲೆಲ್ಲಿ ಯಾವ ಮರ, ಪ್ಲೈವುಡ್ ಎಷ್ಟು ಎಂಎಂ, ಚಾನೆಲ್ ಎಷ್ಟು ಕಿಲೋದ್ದು, ಯಾವ ಪಾಲಿಶ್ ಅಂತ ಬರೆಯಿರಿ. ಸಾಗಾಟ ಸೇರಿದೆಯಾ ಇಲ್ಲವಾ ಅಂತಲೂ ಇರಲಿ. ಜಿಎಸ್‌ಟಿ ನೋಂದಣಿ ಇದ್ದರೆ ಅದನ್ನು ಬೇರೆ ಸಾಲಲ್ಲಿ ತೋರಿಸಿ. ದರ 15 ದಿನ ಮಾತ್ರ ಅಂತ ಹಾಕಿ, ಡಿಪೋದವನು ನಿಮಗಾಗಿ ಕಾಯಲ್ಲ.

ಅಡ್ವಾನ್ಸ್ ಅರ್ಧ ತಗೊಳ್ಳಿ. ನಮ್ಮ 48,000ದ ಮಂಚದಲ್ಲಿ ಮರ, ಪ್ಲೈವುಡ್, ಹಾರ್ಡ್‌ವೇರ್ ಸೇರಿ 18,800. ಅರ್ಧ ಅಂದರೆ 24,000, ಸಾಮಾನಿಗೂ ಆಗಿ ಮೊದಲೆರಡು ದಿನದ ಕೂಲಿಗೂ ಸಾಕು. ಪಾಲಿಶ್‌ಗೆ ಮುಂಚೆ ಮನೆಯವರನ್ನು ಶೆಡ್ಡಿಗೆ ಕರೆದು ಬಿಳಿ ಮಂಚ ತೋರಿಸಿ ಇನ್ನೊಂದು ಕಂತು ಇಸ್ಕೊಳ್ಳಿ. ಬದಲಾವಣೆ ಏನಿದ್ದರೂ ಅವತ್ತೇ ಕೊನೆ. ಅವರು ಬಂದಾಗ ತಲೆ ಕಡೆಯನ್ನು ಗೋಡೆಗೆ ಒರಗಿಸಿ ಇಟ್ಟಿರಿ, ಮಲಗಿಸಿ ಇಟ್ಟರೆ ಎತ್ತರ ಗೊತ್ತಾಗದೆ "ಇನ್ನೂ ಸ್ವಲ್ಪ ಎತ್ತರ ಇರಲಿ" ಅಂತಾರೆ.